ತೊಡೆಸಂದಿನ ಕುರು ಮತ್ತೆ ಅದೇ ಜಾಗದಲ್ಲಿ ಎದ್ದಾಗ

ತೊಡೆಸಂದಿನಲ್ಲಿ, ಜನನಾಂಗದ ಸುತ್ತಲಿನ ಚರ್ಮದಲ್ಲಿ ಏಳುವ ನೋವಿನ ಗುಳ್ಳೆಗಳನ್ನೆಲ್ಲ ಆಡುಮಾತಿನಲ್ಲಿ ಕುರು ಎಂದೇ ಕರೆಯುತ್ತಾರೆ. ಮೈಗೆ ಉಷ್ಣವಾಯಿತು, ಮಾವಿನಹಣ್ಣು ಹೆಚ್ಚಾಯಿತು, ಸ್ನಾನ ಸರಿಯಾಗಿ ಆಗಲಿಲ್ಲ ಎಂದು ಅದಕ್ಕೆ ಕಾರಣವನ್ನೂ ಸುಲಭವಾಗಿ ಹೇಳಿಬಿಡುತ್ತಾರೆ. ಆದರೆ ಈ ಒಂದೇ ಹೆಸರಿನ ಕೆಳಗೆ ಕನಿಷ್ಠ ಎರಡು ಬೇರೆ ಬೇರೆ ರೋಗಗಳು ಅಡಗಿವೆ. ಒಂದು ಫಾಲಿಕ್ಯುಲೈಟಿಸ್, ಅಂದರೆ ರೋಮಕೂಪದ ಸೋಂಕು. ಅದು ಬಹುಮಟ್ಟಿಗೆ ಚರ್ಮದ ಮೇಲುಮೇಲಿನ ತೊಂದರೆ, ಕೆಲವೇ ದಿನಗಳಲ್ಲಿ ಮುಗಿಯುವಂಥದ್ದು. ಇನ್ನೊಂದು ಹಿಡ್ರಾಡಿನೈಟಿಸ್ ಸಪ್ಯುರೆಟಿವಾ. ಅದು ಚರ್ಮದ ಆಳದಲ್ಲಿ ಹುಟ್ಟಿ, ವರ್ಷಗಟ್ಟಲೆ ಹೋಗುತ್ತಾ ಬರುತ್ತಾ ಒಳಗೊಳಗೇ ಸುರಂಗ ಕೊರೆಯುವ ದೀರ್ಘಕಾಲದ ಉರಿಯೂತ. ಮೊದಲ ದಿನ ನೋಡಿದಾಗ ಎರಡೂ ಒಂದೇ ತರಹ ಕಾಣಬಹುದು. ಆರು ತಿಂಗಳ ಇತಿಹಾಸ ಕೇಳಿದರೆ ಬಹುತೇಕ ಸಲ ಬೇರೆಯಾಗಿ ನಿಲ್ಲುತ್ತವೆ.

ಎರಡೂ ಶುರುವಾಗುವುದು ಕೂದಲಿನ ಬುಡದಲ್ಲಿ. ಚರ್ಮದಲ್ಲಿರುವ ಪ್ರತಿ ಕೂದಲೂ ಒಂದು ಸಣ್ಣ ಕೊಳವೆಯೊಳಗಿಂದ ಮೇಲೆ ಬರುತ್ತದೆ. ಈ ಕೊಳವೆಯೇ ರೋಮಕೂಪ. ಅದರ ಪಕ್ಕಕ್ಕೆ ಜಿಡ್ಡು ಸುರಿಸುವ ಗ್ರಂಥಿಯೊಂದು ಅಂಟಿಕೊಂಡಿರುತ್ತದೆ. ಕಂಕುಳು ಮತ್ತು ತೊಡೆಸಂದಿನಂಥ ಜಾಗಗಳಲ್ಲಿ ವಿಶೇಷ ಬಗೆಯ ಬೆವರಿನ ಗ್ರಂಥಿಯೂ ಅದೇ ಕೊಳವೆಗೆ ಬಂದು ಸೇರುತ್ತದೆ. ತೊಡೆಸಂದಿನಲ್ಲಿ ಚರ್ಮಕ್ಕೆ ಚರ್ಮ ತಾಗುತ್ತದೆ, ಬೆವರು ಆರುವುದಿಲ್ಲ, ಒಳಉಡುಪಿನ ಎಲಾಸ್ಟಿಕ್ ದಿನವಿಡೀ ಉಜ್ಜುತ್ತದೆ. ರೋಮಕೂಪಕ್ಕೆ ಇದಕ್ಕಿಂತ ಕಷ್ಟದ ಜಾಗ ಮೈಯಲ್ಲಿ ಹೆಚ್ಚಿಲ್ಲ.

ಫಾಲಿಕ್ಯುಲೈಟಿಸ್‌ನಲ್ಲಿ ಹೊರಗಿನ ಬ್ಯಾಕ್ಟೀರಿಯಾ ಈ ಕೊಳವೆಯ ಬಾಯಿಗೆ ನುಗ್ಗುತ್ತದೆ. ಬಹಳ ಸಲ ಅದು ಸ್ಟ್ಯಾಫಿಲೊಕಾಕಸ್ ಆರಿಯಸ್. ರೇಜರಿನಿಂದ ಕೂದಲು ತೆಗೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳಾಗಿ ಅದಕ್ಕೆ ದಾರಿ ತೆರೆದುಕೊಳ್ಳುತ್ತದೆ. ಒಂದೆರಡು ದಿನದಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಕೀವಿನ ಗುಳ್ಳೆಗಳು ಏಳುತ್ತವೆ. ಸೂಕ್ಷ್ಮವಾಗಿ ನೋಡಿದರೆ ಪ್ರತಿ ಗುಳ್ಳೆಯ ನಡುವಿನಿಂದ ಒಂದು ಕೂದಲು ಹೊರಬಂದಿರುವುದು ಕಾಣುತ್ತದೆ, ಸುತ್ತ ತೆಳುವಾದ ಕೆಂಪು ಬಳೆ ಇರುತ್ತದೆ. ನೋವಿಗಿಂತ ತುರಿಕೆ, ಉರಿ ಹೆಚ್ಚು. ನಾಲ್ಕೈದು ದಿನಗಳಲ್ಲಿ ಒಣಗಿ ಹಕ್ಕಳೆಯಾಗಿ ಉದುರುತ್ತದೆ. ಕಲೆ ಉಳಿದರೂ ಗುಳಿ ಬೀಳುವುದಿಲ್ಲ.

ಇದಕ್ಕೆ ಹತ್ತಿರದ ನೆಂಟನೊಂದಿದೆ. ಗುಂಗುರು ಕೂದಲನ್ನು ತೀರಾ ಬುಡಕ್ಕೆ ಕತ್ತರಿಸಿದಾಗ ಚೂಪಾದ ತುದಿ ಬಾಗಿ ಮತ್ತೆ ಚರ್ಮದೊಳಕ್ಕೇ ಚುಚ್ಚಿಕೊಳ್ಳುತ್ತದೆ. ಅಲ್ಲಿ ಏಳುವ ಗುಳ್ಳೆಗೆ ಸೋಂಕು ಕಾರಣವಲ್ಲ, ಕೂದಲೇ ಕಾರಣ. ಹೀಗಾಗಿ ಆಂಟಿಬಯಾಟಿಕ್‌ನಿಂದ ಅದು ಹೋಗುವುದಿಲ್ಲ. ಒಂದು ತಿಂಗಳು ರೇಜರ್ ಬಿಟ್ಟರೆ ಬಹಳಷ್ಟು ಮಂದಿಗೆ ತಾನಾಗಿಯೇ ಇಳಿಯುತ್ತದೆ.

ಸೋಂಕು ರೋಮಕೂಪದ ಬುಡಕ್ಕೆ ಇಳಿದರೆ ನಿಜವಾದ ಕುರು ಆಗುತ್ತದೆ. ಕೆಂಪಗೆ ಊದಿ, ಬಿಸಿಯಾಗಿ, ಮಿಡಿಯುವ ನೋವು ಕೊಟ್ಟು, ನಡುವೆ ಹಳದಿ ಮೊನೆ ಕಾಣಿಸಿಕೊಂಡು, ಒಂದು ವಾರದಿಂದ ಹತ್ತು ದಿನಗಳಲ್ಲಿ ಹಣ್ಣಾಗಿ ಒಡೆಯುತ್ತದೆ. ಕೀವು ಹೋದ ಮೇಲೆ ನೋವು ಥಟ್ಟನೆ ಇಳಿಯುತ್ತದೆ, ಗಾಯ ಮಾಯುತ್ತದೆ, ಕಥೆ ಮುಗಿಯುತ್ತದೆ. ಇಂಥ ಕುರುಗಳೂ ಮರುಕಳಿಸಬಹುದು. ಆದರೆ ಅವು ಜಾಗ ಬದಲಿಸುತ್ತವೆ. ಈ ಸಲ ತೊಡೆ, ಮುಂದಿನ ಸಲ ಹೊಟ್ಟೆ, ಇನ್ನೊಮ್ಮೆ ಕತ್ತಿನ ಹಿಂಭಾಗ. ಹಾಗೆ ಬರುತ್ತಿದ್ದರೆ ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತಪರೀಕ್ಷೆ ಮಾಡಿಸಬೇಕು. ಜೊತೆಗೆ ಮೂಗಿನ ಕಡೆಗೂ ಗಮನ ಕೊಡಬೇಕು. ಹತ್ತು ಜನರಲ್ಲಿ ಸುಮಾರು ಮೂವರ ಮೂಗಿನ ಹೊಳ್ಳೆಯೊಳಗೆ ಸ್ಟ್ಯಾಫಿಲೊಕಾಕಸ್ ಆರಿಯಸ್ ಯಾವ ತೊಂದರೆಯನ್ನೂ ಕೊಡದೆ ಬೀಡುಬಿಟ್ಟಿರುತ್ತದೆ. ಬೆರಳು ಮೂಗಿಗೆ, ಅಲ್ಲಿಂದ ಮೈಗೆ ಹೋದಾಗಲೆಲ್ಲ ಹೊಸ ಕುರುವಿನ ಬೀಜ ಬಿದ್ದಂತೆ. ಇಂಥವರಿಗೆ ವೈದ್ಯರು ಮೂಗಿನೊಳಗೆ ಮ್ಯುಪಿರೋಸಿನ್ ಮುಲಾಮನ್ನು ದಿನಕ್ಕೆ ಎರಡು ಸಲ, 5 ದಿನ ಹಚ್ಚಲು ಹೇಳುವುದುಂಟು. ಆ ದಿನಗಳಲ್ಲಿ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಸ್ನಾನ, ಪ್ರತ್ಯೇಕ ಟವೆಲು, ಬಿಸಿನೀರಿನಲ್ಲಿ ಒಗೆದ ಹಾಸಿಗೆ ಬಟ್ಟೆ. ಮನೆಯಲ್ಲಿ ಇನ್ನೊಬ್ಬರಿಗೂ ಕುರು ಏಳುತ್ತಿದ್ದರೆ ಅವರಿಗೂ ಒಟ್ಟಿಗೇ ಮಾಡಬೇಕು. ಇಲ್ಲದಿದ್ದರೆ ಒಬ್ಬರಿಂದ ಇನ್ನೊಬ್ಬರಿಗೆ ಓಡಾಡುತ್ತಲೇ ಇರುತ್ತದೆ.

ಹಿಡ್ರಾಡಿನೈಟಿಸ್‌ನ ದಾರಿಯೇ ಬೇರೆ. ಇಲ್ಲಿ ಮೊದಲ ಹೆಜ್ಜೆ ಸೋಂಕಲ್ಲ, ಕೊಳವೆ ಮುಚ್ಚಿಕೊಳ್ಳುವುದು. ರೋಮಕೂಪದ ಒಳಗೋಡೆಯ ಜೀವಕೋಶಗಳು ಅತಿಯಾಗಿ ಬೆಳೆದು ಬಿರಡೆಯಂತೆ ಬಾಯಿ ಕಟ್ಟುತ್ತವೆ. ಒಳಗೆ ಜಿಡ್ಡು, ಸತ್ತ ಜೀವಕೋಶ, ಕೂದಲಿನ ಚೂರು ತುಂಬಿ ಕೊಳವೆ ಉಬ್ಬುತ್ತದೆ. ಕೊನೆಗೆ ಅದು ಮೇಲಕ್ಕೆ ಒಡೆಯದೆ ಒಳಕ್ಕೆ, ಚರ್ಮದ ಆಳಕ್ಕೆ ಒಡೆಯುತ್ತದೆ. ಅಲ್ಲಿ ಚೆಲ್ಲಿದ್ದನ್ನು ದೇಹ ಹೊರಗಿನ ಶತ್ರುವೆಂದೇ ಭಾವಿಸಿ ಅದರ ಮೇಲೆ ಬೀಳುತ್ತದೆ. ಆ ಹೋರಾಟವೇ ನೋವಿನ ಗಂಟು. ಚರ್ಮದ ಬ್ಯಾಕ್ಟೀರಿಯಾ ಆಮೇಲೆ ಬಂದು ಸೇರಿಕೊಂಡು ಉರಿಗೆ ತುಪ್ಪ ಸುರಿಯುತ್ತವೆ. ಕೀವನ್ನು ಪರೀಕ್ಷೆಗೆ ಕಳಿಸಿದರೆ ಎಷ್ಟೋ ಸಲ ರೋಗಾಣು ಬೆಳೆಯುವುದೇ ಇಲ್ಲ, ಇಲ್ಲವೇ ಚರ್ಮದ ಮೇಲೆ ಸಹಜವಾಗಿರುವ ಬ್ಯಾಕ್ಟೀರಿಯಾಗಳೇ ಸಿಗುತ್ತವೆ. ‘ಕಲ್ಚರ್‌ನಲ್ಲಿ ಏನೂ ಇಲ್ಲ’ ಎಂಬ ವರದಿ ರೋಗವಿಲ್ಲ ಎಂದು ಹೇಳುವುದಿಲ್ಲ. ಇದು ಬರೀ ಸೋಂಕಲ್ಲದಿರಬಹುದು ಎಂಬ ಸುಳಿವು ಅದರಲ್ಲಿರುತ್ತದೆ.

ಈ ರೋಗದ ಹೆಸರೇ ಒಂದು ಹಳೆಯ ತಪ್ಪನ್ನು ಹೊತ್ತುಕೊಂಡಿದೆ. ಫ್ರಾನ್ಸಿನ ಶಸ್ತ್ರವೈದ್ಯ ಆಲ್ಫ್ರೆಡ್ ವೆಲ್ಪೊ 1839ರಲ್ಲಿ ಕಂಕುಳು, ಸ್ತನ, ಗುದದ ಸುತ್ತ ಏಳುವ ಇಂಥ ಬಾವುಗಳನ್ನು ವಿವರಿಸಿದ. 1854ರಲ್ಲಿ ಅದೇ ದೇಶದ ಅರಿಸ್ಟೀಡ್ ವೆರ್ನೊಯ್, ಇದು ಬೆವರಿನ ಗ್ರಂಥಿಗಳ ರೋಗವಿರಬೇಕೆಂದು ಭಾವಿಸಿ ಆ ಅರ್ಥದ ಹೆಸರಿಟ್ಟ. ಬೆವರಿನ ಗ್ರಂಥಿಗೆ ಪೆಟ್ಟು ಬೀಳುವುದು ಆಮೇಲೆ, ಮೂಲ ತೊಂದರೆ ಇರುವುದು ರೋಮಕೂಪದಲ್ಲಿ ಎಂಬುದು ಇಂದು ಗೊತ್ತಿದೆ. ಹೆಸರು ಮಾತ್ರ ಹಾಗೇ ಉಳಿಯಿತು. ಅದರ ಜೊತೆಗೆ ಬೆವರು ಹೆಚ್ಚಾದವರಿಗೆ, ಸ್ನಾನ ಮಾಡದವರಿಗೆ ಬರುವ ಕಾಯಿಲೆ ಎಂಬ ಅಪವಾದವೂ ಉಳಿಯಿತು. ದಿನಕ್ಕೆ ಎರಡು ಹೊತ್ತು ಸ್ನಾನ ಮಾಡುವವರಿಗೂ ಈ ರೋಗ ಬರುತ್ತದೆ. ಕೊಳಕು ಅದಕ್ಕೆ ಕಾರಣವಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ಲೈಂಗಿಕ ಸಂಪರ್ಕದಿಂದ ಬರುವ ರೋಗವೂ ಅಲ್ಲ. ಮದುವೆಯಾದವರು ಇದನ್ನು ಸಂಗಾತಿಯಿಂದಲೂ ಮುಚ್ಚಿಟ್ಟು ಒದ್ದಾಡುವುದುಂಟು. ಆದ್ದರಿಂದ ಈ ಮಾತನ್ನು ವೈದ್ಯರು ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಹೇಳುವುದು ಒಳ್ಳೆಯದು.

ಸಾಮಾನ್ಯವಾಗಿ ಈ ರೋಗ ಶುರುವಾಗುವುದು ಹದಿಹರೆಯ ದಾಟಿದ ಮೇಲೆ, ಇಪ್ಪತ್ತರ ಆಸುಪಾಸಿನಲ್ಲಿ. ಸುಮಾರು ಮೂರರಲ್ಲಿ ಒಬ್ಬ ರೋಗಿಯ ಮನೆಯಲ್ಲಿ ಇನ್ನಾರಿಗಾದರೂ ಇದೇ ತೊಂದರೆ ಇರುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಮತ್ತು ಮೈತೂಕ ಹೆಚ್ಚಿರುವವರಲ್ಲಿ ಇದು ಹೆಚ್ಚು. ಕೆಲವು ಹೆಂಗಸರಿಗೆ ಮುಟ್ಟಿನ ಹಿಂದಿನ ವಾರದಲ್ಲಿ ಉಲ್ಬಣಿಸುತ್ತದೆ. ಇವೆಲ್ಲ ರೋಗವನ್ನು ಕೆರಳಿಸುವ ಸಂಗತಿಗಳು. ಸಣ್ಣ ಮೈಕಟ್ಟಿನ, ಸಿಗರೇಟು ಮುಟ್ಟದವರಿಗೂ ಇದು ಬರುವುದರಿಂದ ರೋಗಿಯ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ.

ಎರಡನ್ನೂ ಬೇರೆ ಮಾಡುವುದು ಹೇಗೆ ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಯಾವ ರಕ್ತಪರೀಕ್ಷೆಯೂ ಇಲ್ಲ. ಕಣ್ಣು, ಬೆರಳು ಮತ್ತು ಪ್ರಶ್ನೆ, ಇವೇ ಸಾಧನ. ಮೊದಲು ಆಳ. ಫಾಲಿಕ್ಯುಲೈಟಿಸ್‌ನ ಗುಳ್ಳೆಯನ್ನು ಕಣ್ಣು ಗುರುತಿಸುತ್ತದೆ. ಹಿಡ್ರಾಡಿನೈಟಿಸ್‌ನ ಗಂಟನ್ನು ಮೊದಲು ಗುರುತಿಸುವುದು ಬೆರಳು. ಕಡಲೆ ಕಾಳಿನಿಂದ ನೆಲ್ಲಿಕಾಯಿಯ ಗಾತ್ರದವರೆಗೆ, ಚರ್ಮದಡಿ ಹೂತಿಟ್ಟಂತೆ ಗಟ್ಟಿಯಾಗಿ ಸಿಗುತ್ತದೆ. ಮೇಲೆ ಮೊನೆ ಇರುವುದಿಲ್ಲ. ಹಣ್ಣಾಗಲೆಂದು ಕಾದರೂ ಎಷ್ಟೋ ಸಲ ಹಣ್ಣಾಗುವುದಿಲ್ಲ, ಒಂದು ವಾರ ದಾಟಿ ಎರಡನೆಯ ವಾರಕ್ಕೂ ನೋಯುತ್ತಲೇ ಇರುತ್ತದೆ.

ಎರಡನೆಯದು ಜಾಗ. ಹಿಡ್ರಾಡಿನೈಟಿಸ್ ತನ್ನ ಜಾಗಗಳನ್ನು ಬಿಟ್ಟು ದೂರ ಹೋಗುವುದಿಲ್ಲ: ತೊಡೆಸಂದು, ಕಂಕುಳು, ಸ್ತನದ ಕೆಳಗಿನ ಮಡಿಕೆ, ಪೃಷ್ಠ, ಜನನಾಂಗ ಮತ್ತು ಗುದದ ನಡುವಿನ ಭಾಗ. ತೊಡೆಸಂದಿನ ಕುರು ತೋರಿಸಲು ಬಂದವರನ್ನು ‘ಕಂಕುಳಲ್ಲೂ ಎಂದಾದರೂ ಎದ್ದಿತ್ತೇ’ ಎಂದು ಕೇಳಿದರೆ, ಅದು ಬೇರೆ ಕಾಯಿಲೆ ಎಂದುಕೊಂಡು ಹೇಳದೆ ಬಿಟ್ಟ ಸಂಗತಿ ಹೊರಬರುತ್ತದೆ.

ಮೂರನೆಯದು ಮರುಕಳಿಕೆ. 6 ತಿಂಗಳಲ್ಲಿ ಎರಡು ಅಥವಾ ಹೆಚ್ಚು ಸಲ ಇಂಥ ಜಾಗಗಳಲ್ಲಿ ಇಂಥದೇ ಗಂಟು ಎದ್ದರೆ ಹಿಡ್ರಾಡಿನೈಟಿಸ್ ಎಂದು ತೀರ್ಮಾನಿಸಬಹುದು ಎಂಬುದು ಚರ್ಮವೈದ್ಯರು ಒಪ್ಪಿಕೊಂಡ ಅಳತೆ.

ಇನ್ನೊಂದು ಗುರುತಿದೆ, ಅದನ್ನು ಕಂಡವರು ಮರೆಯುವುದಿಲ್ಲ. ಗಂಟುಗಳಿಲ್ಲದ ಸಮಯದಲ್ಲೂ ತೊಡೆಸಂದಿನ ಚರ್ಮವನ್ನು ಬೆಳಕಿಗೆ ಹಿಡಿದು ಸ್ವಲ್ಪ ಹಿಗ್ಗಿಸಿ ನೋಡಿದರೆ ಕಪ್ಪು ಚುಕ್ಕೆಗಳು ಜೋಡಿಜೋಡಿಯಾಗಿ, ಅಂಗಿಯ ಗುಂಡಿಯ ಎರಡು ತೂತಿನಂತೆ ಅಕ್ಕಪಕ್ಕ ಕೂತಿರುತ್ತವೆ. ಮುಖದ ಮೊಡವೆಯ ಕಪ್ಪು ಚುಕ್ಕೆ ಒಂಟಿ, ಇಲ್ಲಿನದು ಜೋಡಿ. ಎರಡು ಬಾಯಿಗಳೂ ಒಳಗೆ ಒಂದೇ ಹಾಳಾದ ರೋಮಕೂಪಕ್ಕೆ ಸೇರಿರುತ್ತವೆ. ಹಳೆಯ ರೋಗಿಗಳಲ್ಲಿ ಇದರ ಜೊತೆಗೆ ಹಗ್ಗದಂತೆ ಎದ್ದ ಗಾಯದ ಕಲೆ, ಒಂದು ಕಡೆ ಒತ್ತಿದರೆ ಎರಡು ಅಂಗುಲ ಆಚೆ ಕೀವು ಒಸರುವ ತೂತು ಕಾಣುತ್ತವೆ. ಫಾಲಿಕ್ಯುಲೈಟಿಸ್ ಎಷ್ಟೇ ಸಲ ಬಂದರೂ ಚರ್ಮದಡಿ ಹೀಗೆ ಸುರಂಗ ಮಾಡುವುದಿಲ್ಲ.

ಚರ್ಮರೋಗ ವಿಭಾಗಗಳಲ್ಲಿ ಪದೇಪದೇ ಕಾಣುವ ಚಿತ್ರಗಳನ್ನು ಒಂದುಗೂಡಿಸಿ ಒಂದು ಉದಾಹರಣೆ ಕಟ್ಟಬಹುದು. ಗಾರ್ಮೆಂಟ್ಸ್ ಕೆಲಸದ ಇಪ್ಪತ್ತೇಳು ವರ್ಷದ ಹೆಣ್ಣುಮಗಳು. ದಿನಕ್ಕೆ ಎಂಟು ತಾಸು ಹೊಲಿಗೆ ಯಂತ್ರದ ಮುಂದೆ ಕೂರುವ ಕೆಲಸ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಎಡ ತೊಡೆಸಂದಿನಲ್ಲಿ ಮೊದಲ ಗಂಟು. ಅಂಗಡಿಯಿಂದ ತಂದ ಐದು ದಿನದ ಮಾತ್ರೆಗೆ ಇಳಿಯಿತು. ಆಮೇಲೆ ವರ್ಷಕ್ಕೆ ಮೂರು ನಾಲ್ಕು ಸಲ. ನಾಲ್ಕು ಬಾರಿ ಕುಯ್ದು ಕೀವು ತೆಗೆದದ್ದಾಯಿತು, ಪ್ರತಿ ಸಲವೂ ಬೇರೆ ಆಸ್ಪತ್ರೆ, ಪ್ರತಿ ಸಲವೂ ಚೀಟಿಯಲ್ಲಿ ‘ಬಾವು’ ಎಂಬ ಒಂದೇ ಪದ. ಸಕ್ಕರೆ ಕಾಯಿಲೆ ಇಲ್ಲ. ಕೀವಿನ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ರೋಗಾಣು ಇಲ್ಲ. ನಡೆಯುವಾಗ ಸೀರೆಯ ನೆರಿಗೆ ತಾಗಿದರೂ ನೋವು. ಬಟ್ಟೆಗೆ ಕಲೆಯಾಗುತ್ತದೆಂದು ಪ್ಯಾಡ್ ಇಟ್ಟುಕೊಂಡೇ ಕೆಲಸಕ್ಕೆ ಹೋಗುವುದು.

ಕೊನೆಗೆ ಚರ್ಮವೈದ್ಯೆಯೊಬ್ಬರು ಎರಡೂ ತೊಡೆಸಂದು, ಎರಡೂ ಕಂಕುಳು ನೋಡುತ್ತಾರೆ. ಎಡಗಡೆ ಎರಡು ಗಂಟು, ಅವುಗಳ ನಡುವೆ ಹಗ್ಗದಂಥ ಕಲೆ, ಅದರ ತುದಿಯಲ್ಲಿ ಒಸರುವ ಒಂದು ತೂತು. ಬಲಗಡೆ ಜೋಡಿ ಕಪ್ಪು ಚುಕ್ಕೆ. ಬಲ ಕಂಕುಳಲ್ಲಿ ಮಾಯ್ದ ಹಳೆಯ ಕಲೆ. ‘ನಿಮ್ಮ ಮನೆಯಲ್ಲಿ ಇನ್ಯಾರಿಗಮ್ಮ ಹೀಗಾಗ್ತಿತ್ತು?’ ಎಂದಾಗ, ‘ನಮ್ಮಮ್ಮನಿಗೆ ಕಂಕುಳಲ್ಲಿ ಆಗ್ತಿತ್ತು ಮೇಡಂ, ಉಷ್ಣದ ಮೈ ಅಂತಿದ್ರು’ ಎಂಬ ಉತ್ತರ. ರೋಗ ಯಾವುದೆಂದು ತಿಳಿಯಲು ಇಷ್ಟು ಸಾಕು. ತಗಲುವ ಸಮಯ ಹತ್ತು ನಿಮಿಷ, ಅದಕ್ಕಾಗಿ ಕಾದದ್ದು ಎಂಟು ವರ್ಷ. ಇದು ಉತ್ಪ್ರೇಕ್ಷೆಯ ಲೆಕ್ಕವಲ್ಲ. ಹಲವು ದೇಶಗಳ ಅಧ್ಯಯನಗಳಲ್ಲಿ ಮೊದಲ ಗಂಟಿನಿಂದ ಸರಿಯಾದ ಹೆಸರು ಸಿಗುವವರೆಗೆ ಕಳೆಯುವ ಸರಾಸರಿ ಕಾಲ 7 ವರ್ಷದಿಂದ 10 ವರ್ಷ.

ರೋಗ ಎಷ್ಟು ಬಲಿತಿದೆ ಎಂದು ಅಳೆಯಲು ವೈದ್ಯರು ಬಳಸುವುದು ಹರ್ಲಿ ಹಂತಗಳನ್ನು. ಗಂಟು, ಬಾವು ಮಾತ್ರ ಇದ್ದು ಸುರಂಗವಿಲ್ಲದಿದ್ದರೆ ಮೊದಲ ಹಂತ. ಅಲ್ಲೊಂದು ಇಲ್ಲೊಂದು ಸುರಂಗ ಮತ್ತು ಕಲೆ ಇದ್ದು ನಡುವೆ ಒಳ್ಳೆಯ ಚರ್ಮ ಉಳಿದಿದ್ದರೆ ಎರಡನೆಯದು. ಇಡೀ ಭಾಗವೇ ಒಂದಕ್ಕೊಂದು ಕೂಡಿಕೊಂಡ ಸುರಂಗಗಳ ಬಲೆಯಾಗಿದ್ದರೆ ಮೂರನೆಯದು. ಮೇಲಿನ ಉದಾಹರಣೆ ಎರಡನೆಯ ಹಂತದ್ದು.

ಇಲ್ಲಿ ಕುಯ್ದು ಕೀವು ತೆಗೆಯುವುದರ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ತುಂಬಿ ಬಿಗಿದ ಬಾವಿನಿಂದ ಒದ್ದಾಡುತ್ತಿರುವವರಿಗೆ ಅದು ಆ ಕ್ಷಣದ ನೋವು ಇಳಿಸುತ್ತದೆ, ಅಷ್ಟಕ್ಕೆ ಅದು ಸರಿ. ಆದರೆ ಹಿಡ್ರಾಡಿನೈಟಿಸ್‌ಗೆ ಅದು ಚಿಕಿತ್ಸೆಯಲ್ಲ. ಒಳಗಿನ ಗೋಡೆ ಹಾಗೇ ಉಳಿಯುವುದರಿಂದ ಹೆಚ್ಚುಕಡಿಮೆ ಎಲ್ಲರಿಗೂ ಅದೇ ಜಾಗದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಕೀವಿಲ್ಲದ ಗಟ್ಟಿ ಗಂಟನ್ನು ಕುಯ್ಯುವುದರಿಂದಂತೂ ಕಲೆಯ ಹೊರತು ಏನೂ ಸಿಗುವುದಿಲ್ಲ. ಅಂಥ ಗಂಟಿನೊಳಗೆ ಟ್ರಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡ್‌ನ ಸಣ್ಣ ಚುಚ್ಚುಮದ್ದು ಕೊಟ್ಟರೆ ಎರಡು ಮೂರು ದಿನದಲ್ಲಿ ನೋವು ಇಳಿಯುವುದುಂಟು.

ಮೊದಲ ಹಂತದಲ್ಲಿ ಶೇಕಡಾ 1ರ ಕ್ಲಿಂಡಮೈಸಿನ್ ಲೋಶನ್ ದಿನಕ್ಕೆ ಎರಡು ಸಲ ಹಚ್ಚುತ್ತಾರೆ. ಸಾಲದಿದ್ದರೆ ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ, ಸಾಮಾನ್ಯವಾಗಿ 12 ವಾರ. ಐದು ದಿನದ ಕೋರ್ಸಿಗೂ ಹನ್ನೆರಡು ವಾರಕ್ಕೂ ಇರುವ ಅಂತರದಲ್ಲೇ ರೋಗದ ಸ್ವಭಾವ ತಿಳಿಯುತ್ತದೆ. ಇಲ್ಲಿ ಆಂಟಿಬಯಾಟಿಕ್ ಕೊಡುವುದು ರೋಗಾಣು ಕೊಲ್ಲಲು ಮಾತ್ರವಲ್ಲ, ಉರಿಯೂತ ತಗ್ಗಿಸಲು. ಗರ್ಭಿಣಿಯರಿಗೆ ಡಾಕ್ಸಿಸೈಕ್ಲಿನ್ ಕೊಡುವುದಿಲ್ಲ. ಇನ್ನೂ ಹಟಮಾರಿ ರೋಗಕ್ಕೆ ಕ್ಲಿಂಡಮೈಸಿನ್ ಜೊತೆ ರಿಫಾಂಪಿಸಿನ್ ಕೊಡುವ ಪದ್ಧತಿ ಇದೆ. ಆದರೆ ರಿಫಾಂಪಿಸಿನ್ ಕ್ಷಯದ ಮುಖ್ಯ ಔಷಧಿ. ಗೊತ್ತಿಲ್ಲದೆ ಕ್ಷಯವಿರುವವರಿಗೆ ಅದನ್ನು ಹೀಗೆ ಕೊಟ್ಟರೆ ಮದ್ದಿಗೆ ಬಗ್ಗದ ಕ್ಷಯ ಹುಟ್ಟುವ ಅಪಾಯವಿದೆ. ನಮ್ಮ ದೇಶದಲ್ಲಿ ಕ್ಷಯ ಇಲ್ಲವೆಂದು ಖಚಿತಪಡಿಸಿಕೊಳ್ಳದೆ ಆ ದಾರಿ ಹಿಡಿಯಬಾರದು. ರಿಫಾಂಪಿಸಿನ್ ಗರ್ಭನಿರೋಧಕ ಗುಳಿಗೆಯ ಬಲವನ್ನೂ ಕುಂದಿಸುತ್ತದೆ ಎಂಬುದನ್ನು ಹೆಂಗಸರಿಗೆ ಮೊದಲೇ ತಿಳಿಸಬೇಕು.

ಮಾತ್ರೆಗಳಿಗೆ ಬಗ್ಗದ ಎರಡನೆಯ, ಮೂರನೆಯ ಹಂತಕ್ಕೆ ಅಡಾಲಿಮುಮಾಬ್ ಎಂಬ ಚುಚ್ಚುಮದ್ದು ಇದೆ. ಅಮೆರಿಕದಲ್ಲಿ 2015ರಲ್ಲಿ ಈ ರೋಗಕ್ಕೆಂದೇ ಮೊದಲು ಅನುಮತಿ ಪಡೆದ ಔಷಧಿ ಅದು. ಉರಿಯೂತ ಹೊತ್ತಿಸುವ ಒಂದು ರಾಸಾಯನಿಕವನ್ನು ಅದು ಕಟ್ಟಿಹಾಕುತ್ತದೆ. ಭಾರತದಲ್ಲಿ ತಯಾರಾಗುವ ಅದರ ಸಮಾನ ಔಷಧಿಗಳೂ ಸಿಗುತ್ತವೆ, ಆದರೂ ಖರ್ಚು ಹಗುರವಲ್ಲ. ಇದು ಒಳಗೆ ಮಲಗಿರುವ ಕ್ಷಯವನ್ನು ಎಬ್ಬಿಸಬಹುದಾದ್ದರಿಂದ ಶುರುಮಾಡುವ ಮೊದಲು ಕ್ಷಯದ ಪರೀಕ್ಷೆ ಕಡ್ಡಾಯ.

ಒಮ್ಮೆ ಸುರಂಗವಾದ ಮೇಲೆ ಔಷಧಿಯಿಂದ ಅದು ಮುಚ್ಚಿಕೊಳ್ಳುವುದು ಅಪರೂಪ. ಅದಕ್ಕೆ ಡೀರೂಫಿಂಗ್ ಎಂಬ ಸಣ್ಣ ಶಸ್ತ್ರಚಿಕಿತ್ಸೆ ಇದೆ. ಹೆಸರಿಗೆ ತಕ್ಕಂತೆ ಸುರಂಗದ ಚಾವಣಿ ತೆಗೆಯುವುದೇ ಅದರ ಕೆಲಸ. ಜಾಗಕ್ಕೆ ಮಾತ್ರ ಮರವು ಮದ್ದು ಕೊಟ್ಟು, ತೂತಿನೊಳಗೆ ತೆಳುವಾದ ಮೊಂಡು ಕಡ್ಡಿ ತೂರಿಸಿ ಸುರಂಗ ಎಲ್ಲಿಯವರೆಗೆ ಹೋಗಿದೆ ಎಂದು ಹುಡುಕುತ್ತಾರೆ. ಕಡ್ಡಿಯ ಉದ್ದಕ್ಕೂ ಮೇಲಿನ ಚರ್ಮವನ್ನು ತೆಗೆದು, ತಳವನ್ನು ಕೆರೆದು ಸ್ವಚ್ಛ ಮಾಡುತ್ತಾರೆ. ಹೊಲಿಗೆ ಹಾಕುವುದಿಲ್ಲ. ಗಾಯ ತಳದಿಂದ ತಾನೇ ತುಂಬಿಕೊಂಡು ಕೆಲವು ವಾರಗಳಲ್ಲಿ ಮಾಯುತ್ತದೆ. ಮೇಲೆ ಹೇಳಿದ ಹೆಣ್ಣುಮಗಳಂಥವರಿಗೆ ಸರಿಯಾದ ದಾರಿ ಎಂದರೆ ಇದೇ: ಒಂದು ಸುರಂಗಕ್ಕೆ ಡೀರೂಫಿಂಗ್, ಉಳಿದ ರೋಗಕ್ಕೆ ಹನ್ನೆರಡು ವಾರದ ಮಾತ್ರೆ, ಹೊಸ ಗಂಟು ಎದ್ದ ಎರಡು ಮೂರು ದಿನದೊಳಗೆ ಬಂದು ತೋರಿಸಲು ಅವಕಾಶ. ರೋಗ ಬೇರುಸಹಿತ ಹೋಗುತ್ತದೆಂದು ಮಾತು ಕೊಡಲಾಗದು. ವರ್ಷಕ್ಕೆ ನಾಲ್ಕು ಸಲ ಬರುತ್ತಿದ್ದದ್ದು ಒಂದಕ್ಕೆ ಇಳಿದರೆ, ಹೊಸ ಸುರಂಗ ಆಗದಿದ್ದರೆ ಅದೇ ಗೆಲುವು.

ಮನೆಯಲ್ಲಿ ಮಾಡಬಹುದಾದದ್ದು ಎರಡೂ ರೋಗಕ್ಕೆ ಬಹಳಮಟ್ಟಿಗೆ ಒಂದೇ. ರೇಜರ್ ಬಿಟ್ಟು ಕತ್ತರಿಯಿಂದ ಕೂದಲು ಗಿಡ್ಡ ಮಾಡುವುದು, ಸಡಿಲವಾದ ಹತ್ತಿಯ ಒಳಉಡುಪು, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹತ್ತು ಹದಿನೈದು ನಿಮಿಷದ ಶಾಖ, ಯಾವ ಕಾರಣಕ್ಕೂ ಹಿಚುಕದಿರುವುದು. ಹಿಡ್ರಾಡಿನೈಟಿಸ್ ಇರುವವರು ಬೀಡಿ ಸಿಗರೇಟು ಬಿಡುವುದು, ತೂಕ ಇಳಿಸುವುದು ಔಷಧಿಯಷ್ಟೇ ಮುಖ್ಯ. ಒರಟು ನಾರಿನಿಂದ ಉಜ್ಜಿ ತೊಳೆದರೆ ರೋಮಕೂಪಕ್ಕೆ ಇನ್ನಷ್ಟು ಪೆಟ್ಟು ಬೀಳುತ್ತದೆ.

ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ, ಸ್ಟಿರಾಯ್ಡ್ ಬೆರೆಸಿದ ತುರಿಕೆಯ ಕ್ರೀಮುಗಳನ್ನು ತೊಡೆಸಂದಿಗೆ ಹಚ್ಚುವ ಚಟ ನಮ್ಮಲ್ಲಿ ವಿಪರೀತ. ಮೊದಲೆರಡು ದಿನ ಆರಾಮ ಎನಿಸುತ್ತದೆ. ಆಮೇಲೆ ಚರ್ಮ ತೆಳುವಾಗಿ ಗೀರು ಬೀಳುತ್ತದೆ, ಹುಳುಕಡ್ಡಿ ಇದ್ದರೆ ಅದು ರೋಮಕೂಪದೊಳಕ್ಕೇ ಇಳಿದು ಗುಳ್ಳೆಯಾಗುತ್ತದೆ. ಅದು ಶಿಲೀಂಧ್ರದ ಸೋಂಕು, ಕುರುವಿನ ಮಾತ್ರೆಗೆ ಜಗ್ಗುವುದಿಲ್ಲ.

ಗಂಟುಗಳೆಲ್ಲ ಈ ಎರಡೇ ಆಗಿರಬೇಕೆಂದೂ ಇಲ್ಲ. ನೋವಿಲ್ಲದೆ ನಿಧಾನವಾಗಿ ಊದಿ ಒಡೆದು ಒಸರುವ ಗಂಟು ಕ್ಷಯದ್ದಿರಬಹುದು. ಜನನಾಂಗದ ಮೇಲೆ ಹುಣ್ಣಾಗಿ ತೊಡೆಸಂದು ಊದಿದರೆ ಲೈಂಗಿಕ ರೋಗದ ಪರೀಕ್ಷೆ ಬೇಕು. ಹಲವು ವರ್ಷಗಳಿಂದ ಒಸರುತ್ತಿರುವ ಹಳೆಯ ಹಿಡ್ರಾಡಿನೈಟಿಸ್ ಗಾಯದಲ್ಲಿ, ಅದರಲ್ಲೂ ಪೃಷ್ಠ ಮತ್ತು ಗುದದ ಸುತ್ತ, ಮಾಂಸ ಬೆಳೆದಂತೆ ಕಂಡರೆ ತುಣುಕು ತೆಗೆದು ಕ್ಯಾನ್ಸರ್ ಪರೀಕ್ಷೆ ಮಾಡಿಸಲೇಬೇಕು.

ಒಂದು ಸ್ಥಿತಿಯಲ್ಲಿ ಮಾತ್ರ ಮರುದಿನದವರೆಗೆ ಕಾಯಬಾರದು. ಸಕ್ಕರೆ ಕಾಯಿಲೆ ಇರುವವರಿಗೆ ವೃಷಣದ ಚೀಲ ಅಥವಾ ಜನನಾಂಗದ ಸುತ್ತ ಊತ ತಾಸುತಾಸಿಗೆ ಹರಡುತ್ತಿದ್ದರೆ, ಕಣ್ಣಿಗೆ ಕಾಣುವುದಕ್ಕಿಂತ ನೋವು ಬಹಳ ಹೆಚ್ಚಿದ್ದರೆ, ಚರ್ಮ ಕಪ್ಪಾಗುತ್ತಿದ್ದರೆ, ಜೊತೆಗೆ ಜ್ವರ, ನಡುಕ ಇದ್ದರೆ ಅದು ಫೋರ್ನಿಯೇ ಗ್ಯಾಂಗ್ರೀನ್ ಇರಬಹುದು. ಇದರಲ್ಲಿ ಚರ್ಮದಡಿಯ ಅಂಗಾಂಶ ಕೊಳೆಯುತ್ತಾ ಹೋಗುತ್ತದೆ, ಅದೇ ದಿನ ಶಸ್ತ್ರಚಿಕಿತ್ಸೆ ಆಗದಿದ್ದರೆ ಪ್ರಾಣಕ್ಕೇ ಅಪಾಯ.

ಉಳಿದವರು ಚರ್ಮವೈದ್ಯರಲ್ಲಿಗೆ ಹೋಗುವಾಗ ಮೊದಲ ಗಂಟು ಎದ್ದ ವರ್ಷ, ಕಳೆದ 6 ತಿಂಗಳಲ್ಲಿ ಎಷ್ಟು ಸಲ ಎದ್ದಿತು, ಎಷ್ಟು ಸಲ ಕುಯ್ದರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ತೊಡೆಸಂದು ತೋರಿಸಿದ ಮೇಲೆ, ಕೇಳದಿದ್ದರೂ, ಕಂಕುಳನ್ನೂ ತೋರಿಸಿ ಬರಬೇಕು.